ಹದಿನೆಂಟು ಪಟ್ಟು ಅಪಾಯ, ಮೂರೇ ಶೇಕಡ ಪಾಲು: ಕ್ಷಯದ ದುಡ್ಡನ್ನು ಎಲ್ಲಿ ಹಾಕುವುದು?

ಪ್ರಶ್ನೆ: ಸರ್, ನಾನು ಜಿಲ್ಲಾ ಕ್ಷಯ ನಿಯಂತ್ರಣ ವಿಭಾಗದಲ್ಲಿದ್ದೀನಿ. ಮುಂದಿನ ವರ್ಷದ ಕ್ರಿಯಾಯೋಜನೆ ಬರೀತಿದ್ದೀವಿ. ಎಚ್‌ಐವಿ ಇರೋರಿಗೆ ಟಿಬಿ ಬರೋ ಅಪಾಯ 18 ಪಟ್ಟು, ತೂಕ ಕಡಿಮೆ ಇರೋರಿಗೆ 3 ಪಟ್ಟು ಅಂತ ತರಬೇತಿಯಲ್ಲಿ ಹೇಳಿದ್ರು. ಆದ್ರೆ ಕನ್ಸಲ್ಟೆಂಟ್ ಕೊಟ್ಟ ಟೇಬಲ್‌ನಲ್ಲಿ ಪಿಎಎಫ್ ಅಂತ ಎಚ್‌ಐವಿಗೆ 3%, ಅಪೌಷ್ಟಿಕತೆಗೆ 26% ಅಂತಿದೆ. ಇದು ತಲೆಕೆಳಗಾಗಿಲ್ವಾ? ಮೇಲಾಗಿ ಕುಡಿತ, ಬೀಡಿ, ಸಕ್ಕರೆ ಕಾಯಿಲೆ ಎಲ್ಲಾ ಸೇರಿಸಿ ಕೂಡಿದ್ರೆ 100 ದಾಟುತ್ತೆ. ಯಾವ ಅಂಕಿ ನಂಬಿ ದುಡ್ಡು ಹಂಚಬೇಕು?

ಉತ್ತರ: ತಲೆಕೆಳಗಾಗಿಲ್ಲ, ಟೇಬಲ್ ಸರಿಯಾಗಿಯೇ ಇದೆ. ಆದರೆ ಅದರಲ್ಲಿ ಇರಬೇಕಾದ ಒಂದು ಕಾಲಂ ಇಲ್ಲ. ತರಬೇತಿಯಲ್ಲಿ ಕೇಳಿದ 'ಪಟ್ಟು'ಗೂ ಜಿಲ್ಲೆಯ ಒಟ್ಟು ರೋಗದಲ್ಲಿ ಒಂದು ಕಾರಣದ ಪಾಲೆಷ್ಟು ಎಂದು ಕನ್ಸಲ್ಟೆಂಟ್ ಬರೆದ ಪಿಎಎಫ್‌ಗೂ ನಡುವೆ ಅಟ್ರಿಬ್ಯೂಟಬಲ್ ರಿಸ್ಕ್ ಎನ್ನುವ ಸಂಖ್ಯೆ ಬರಬೇಕಿತ್ತು. ಅದನ್ನು ಹಾಕಿಬಿಟ್ಟರೆ ಜಗಳ ಅರ್ಧ ಅಲ್ಲೇ ಮುಗಿಯುತ್ತದೆ.

ಲೆಕ್ಕಕ್ಕೆ ಒಂದು ಜಿಲ್ಲೆಯನ್ನು ಕಟ್ಟಿಕೊಳ್ಳೋಣ. ವಯಸ್ಕರು 10 ಲಕ್ಷ. ವರ್ಷಕ್ಕೆ ಲಕ್ಷಕ್ಕೆ 180 ಹೊಸ ಟಿಬಿ ಪ್ರಕರಣ, ಅಂದರೆ ಒಟ್ಟು 1,800. (ಇಡೀ ದೇಶಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2023ಕ್ಕೆ ಅಂದಾಜಿಸಿದ್ದು ಲಕ್ಷಕ್ಕೆ 195. ಹಾಗಾಗಿ ನಮ್ಮ ಜಿಲ್ಲೆ ತೀರಾ ಕಾಲ್ಪನಿಕವೇನಲ್ಲ.) ಎಚ್‌ಐವಿ ಇರುವವರು ದೇಶದ ಸರಾಸರಿಯಂತೆ 0.2%, ಅಂದರೆ 2,000 ಮಂದಿ. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 18.5ಕ್ಕಿಂತ ಕಡಿಮೆ ಇರುವವರು 17.5%, ಅಂದರೆ 1,75,000 ಮಂದಿ. ಈ 17.5 ಕೂಡ ಗಾಳಿಯಿಂದ ತಂದದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ 18.7%, ಗಂಡಸರಲ್ಲಿ 16.2% ಮಂದಿ ಈ ಗೆರೆಯ ಕೆಳಗಿದ್ದರು.

ಮೊದಲು ಎಚ್‌ಐವಿ. ಅದು ಇಲ್ಲದವರ ಅಪಾಯವನ್ನು ಒಂದು ಪಾಲು ಎಂದಿಟ್ಟುಕೊಂಡರೆ ಇರುವವರದು ಹದಿನೆಂಟು ಪಾಲು. 9,98,000 ಮಂದಿ ಒಂದೊಂದು ಪಾಲು, 2,000 ಮಂದಿ ಹದಿನೆಂಟು ಹದಿನೆಂಟು ಪಾಲು, ಒಟ್ಟು 10,34,000 ಪಾಲು. 1,800 ಪ್ರಕರಣಗಳನ್ನು ಇಷ್ಟು ಪಾಲಿಗೆ ಹಂಚಿದರೆ ಎಚ್‌ಐವಿ ಇಲ್ಲದವರಲ್ಲಿ ಲಕ್ಷಕ್ಕೆ 174 ಬರುತ್ತದೆ, ಇರುವವರಲ್ಲಿ ಲಕ್ಷಕ್ಕೆ ಸುಮಾರು 3,130. ಈ ಎರಡರ ವ್ಯತ್ಯಾಸ, ಲಕ್ಷಕ್ಕೆ 2,960, ಎಚ್‌ಐವಿಯ ಅಟ್ರಿಬ್ಯೂಟಬಲ್ ರಿಸ್ಕ್. ಸಾವಿರ ಮಂದಿ ಎಚ್‌ಐವಿ ಪೀಡಿತರಲ್ಲಿ ವರ್ಷಕ್ಕೆ ಸುಮಾರು 30 ಮಂದಿಗೆ, ಆ ಸೋಂಕು ಇಲ್ಲದಿದ್ದರೆ ಬಾರದಿದ್ದ ಟಿಬಿ ಬರುತ್ತಿದೆ ಎಂದರ್ಥ.

ಈಗ ತೂಕ ಕಡಿಮೆ ಇರುವವರು. ಅದೇ ಹಂಚಿಕೆ: 8,25,000 ಮಂದಿಗೆ ಒಂದೊಂದು ಪಾಲು, 1,75,000 ಮಂದಿಗೆ ಮೂರು ಮೂರು, ಒಟ್ಟು 13,50,000. ತೂಕ ಸರಿ ಇರುವವರಲ್ಲಿ ಲಕ್ಷಕ್ಕೆ 133, ಕಡಿಮೆ ಇರುವವರಲ್ಲಿ 400. ಅಟ್ರಿಬ್ಯೂಟಬಲ್ ರಿಸ್ಕ್ ಲಕ್ಷಕ್ಕೆ 267. ಸಾವಿರಕ್ಕೆ ಇಳಿಸಿದರೆ ಬರೀ 2.7.

ಇಲ್ಲಿಯವರೆಗೆ ನಿಮ್ಮ ತರಬೇತಿಯ ಮಾತೇ ಗೆದ್ದಿದೆ. ಒಬ್ಬೊಬ್ಬ ವ್ಯಕ್ತಿಯ ಮಟ್ಟಿಗೆ ಎಚ್‌ಐವಿ ಹತ್ತು ಪಟ್ಟಿಗಿಂತ ಭಾರವಾದ ಹೊರೆ. ಈಗ ತಲೆ ಎಣಿಸಿ. ಎಚ್‌ಐವಿ ಇರುವ 2,000 ಮಂದಿಯಲ್ಲಿ ವರ್ಷಕ್ಕೆ 63 ಟಿಬಿ ಪ್ರಕರಣ. ಸೋಂಕು ಇರದಿದ್ದರೂ ಅವರಲ್ಲಿ ಮೂರು-ನಾಲ್ಕು ಮಂದಿಗೆ ಹೇಗೂ ಬರುತ್ತಿತ್ತು. ಹೆಚ್ಚುವರಿ 59. ತೂಕ ಕಡಿಮೆ ಇರುವ 1,75,000 ಮಂದಿಯಲ್ಲಿ 700 ಪ್ರಕರಣ, ಅದರಲ್ಲಿ ಹೇಗೂ ಬರುತ್ತಿದ್ದವು 233, ಹೆಚ್ಚುವರಿ 467. ಜಿಲ್ಲೆಯ 1,800ರಲ್ಲಿ 59 ಎಂದರೆ 3.3%, 467 ಎಂದರೆ 26%. ನಿಮ್ಮ ಕನ್ಸಲ್ಟೆಂಟ್ ಬರೆದದ್ದು ಇದನ್ನೇ. ಪಿಎಎಫ್, ಅಂದರೆ ಪಾಪ್ಯುಲೇಶನ್ ಅಟ್ರಿಬ್ಯೂಟಬಲ್ ಫ್ರಾಕ್ಷನ್, ಎಂದರೆ ಜಿಲ್ಲೆಯ ಒಟ್ಟು ರೋಗದಲ್ಲಿ ಆ ಕಾರಣ ಇಲ್ಲದಿದ್ದರೆ ಇಲ್ಲದಿರುತ್ತಿದ್ದ ಪಾಲು. ಇದೇ ಲೆಕ್ಕವನ್ನು ಮಾರ್ಟನ್ ಲೆವಿನ್ 1953ರಲ್ಲಿ ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರಿಗಾಗಿ ಸೂತ್ರವಾಗಿ ಬರೆದರು:

```
PAF = p(RR - 1) / [1 + p(RR - 1)]
```

`p` ಅಂದರೆ ಜನರಲ್ಲಿ ಆ ಕಾರಣ ಇರುವವರ ಪಾಲು, `RR` ಅಂದರೆ ಪಟ್ಟು. 0.175 ಮತ್ತು 3 ಹಾಕಿ ನೋಡಿ, 0.35 ಭಾಗಿಸು 1.35, ಅದೇ 26% ಬರುತ್ತದೆ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಕೊಡಬೇಕು, ಏಕೆಂದರೆ ಸಭೆಗಳಲ್ಲಿ ಅರ್ಧ ಗಂಟೆ ಇದಕ್ಕೇ ಹೋಗುತ್ತದೆ. 'ಅಟ್ರಿಬ್ಯೂಟಬಲ್ ರಿಸ್ಕ್' ಎಂಬ ಒಂದೇ ಹೆಸರನ್ನು ಮೂರು ಸಂಖ್ಯೆಗಳಿಗೆ ಬಳಸುತ್ತಾರೆ. ನಾನು ಮೇಲೆ ಹೇಳಿದ್ದು ವ್ಯತ್ಯಾಸ, ಲಕ್ಷಕ್ಕೆ ಇಷ್ಟು ಎಂದು. ನಾವೆಲ್ಲ ಎಂಬಿಬಿಎಸ್‌ನಲ್ಲಿ ಓದಿದ ಪಾಠದಲ್ಲಿ ಅದೇ ಹೆಸರಿನಲ್ಲಿ ಶೇಕಡ ಇದೆ: ಕಾರಣ ಇರುವವರಲ್ಲಿ ಬಂದ ರೋಗದಲ್ಲಿ ಎಷ್ಟು ಶೇಕಡ ಆ ಕಾರಣದ್ದು ಎಂದು. ಎಚ್‌ಐವಿಗೆ ಅದು 94%, ಕಡಿಮೆ ತೂಕಕ್ಕೆ 67%. ಇನ್ನು ಲೆವಿನ್ ಅವರ ಜನಸಂಖ್ಯೆಯ ಪಾಲನ್ನೇ ಎಷ್ಟೋ ಕಡೆ ಅಟ್ರಿಬ್ಯೂಟಬಲ್ ರಿಸ್ಕ್ ಎಂದು ಕರೆಯುತ್ತಾರೆ! ಆದ್ದರಿಂದ ಯಾರಾದರೂ ಆ ಹೆಸರು ಹೇಳಿದರೆ 'ಲಕ್ಷಕ್ಕೋ, ಶೇಕಡವೋ? ಶೇಕಡವಾದರೆ ಯಾರಲ್ಲಿ?' ಎಂದು ಕೇಳಿ. ಕೇಳಲು ನಾಚಿಕೊಳ್ಳಬೇಡಿ, ಹೇಳಿದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಈಗ ದುಡ್ಡಿನ ಮಾತು. ಅಟ್ರಿಬ್ಯೂಟಬಲ್ ರಿಸ್ಕನ್ನು ತಿರುವಿ ಹಾಕಿದರೆ ಒಂದು ಪ್ರಕರಣ ತಪ್ಪಿಸಲು ಎಷ್ಟು ಜನರನ್ನು ಒಂದು ವರ್ಷ ಪೂರ್ತಿ ಕಾಪಾಡಬೇಕು ಎಂಬುದು ಸಿಗುತ್ತದೆ. ಎಚ್‌ಐವಿಯಲ್ಲಿ 34 ಮಂದಿ, ಕಡಿಮೆ ತೂಕದಲ್ಲಿ 375 ಮಂದಿ. ಅದೂ ಆ ಕಾರಣದ ಕೆಡುಕನ್ನು ನೂರಕ್ಕೆ ನೂರು ತೆಗೆದುಹಾಕಿದರೆ ಮಾತ್ರ. ಹೀಗೆ ಅಟ್ರಿಬ್ಯೂಟಬಲ್ ರಿಸ್ಕ್ ನಿಮಗೆ ಹೇಳುವುದು ಯಾರ ಬಾಗಿಲು ಮೊದಲು ತಟ್ಟಬೇಕು, ತಲಾ ಎಷ್ಟು ಖರ್ಚು ಮಾಡಿದರೆ ಗಿಟ್ಟುತ್ತದೆ ಎಂದು. ಪಿಎಎಫ್ ಹೇಳುವುದು ಬೇರೆ: ಎಲ್ಲ ಬಾಗಿಲೂ ತಟ್ಟಿ ಮುಗಿಸಿದ ಮೇಲೆ ಜಿಲ್ಲೆಯ ಅಂಕಿ ಎಲ್ಲಿಯವರೆಗೆ ಇಳಿಯಬಹುದು ಎಂಬ ಮಿತಿ. ಎಚ್‌ಐವಿ ಕೆಲಸವನ್ನು ಒಂದು ತಪ್ಪಿಲ್ಲದೆ ಮಾಡಿದರೂ ನಿಮ್ಮ 1,800 ಪ್ರಕರಣ 1,741ಕ್ಕಿಂತ ಕೆಳಗೆ ಇಳಿಯದು. ಟಿಬಿ ಪ್ರಮಾಣ ಇಷ್ಟು ಇಳಿಸುತ್ತೇವೆ ಎಂದು ಮೇಲಿನವರಿಗೆ ಬರೆದುಕೊಡುವಾಗ ಈ ಮಿತಿ ನೋಡಿಕೊಂಡೇ ಬರೆಯಬೇಕು.

ಯೋಜನೆಯಲ್ಲಿ ಬರುವುದು ಅಪರೂಪಕ್ಕೂ ಈ ಮಿತಿಯ ಹತ್ತಿರದ ಸಂಖ್ಯೆಯಲ್ಲ. ನಿಮ್ಮ ಕೈಯಲ್ಲಿರುವುದು 1,75,000 ಮಂದಿಗೆ ಊಟ ಹಾಕುವ ಬಜೆಟ್ ಅಲ್ಲವಲ್ಲ. ಐದರಲ್ಲೊಂದು ಪಾಲಿಗೆ, 35,000 ಮಂದಿಗೆ, ರೇಷನ್ ಕಿಟ್ ಮುಟ್ಟಿತು ಎನ್ನಿ. ತಿಂದವರಲ್ಲಿ ಹೆಚ್ಚುವರಿ ಅಪಾಯ ಅರ್ಧ ಇಳಿಯಿತು ಎಂದು ಊಹಿಸಿ (ಇದು ನನ್ನ ಊಹೆ, ಅಧ್ಯಯನದ ಫಲಿತಾಂಶವಲ್ಲ). 35,000ಕ್ಕೆ ಹೆಚ್ಚುವರಿ ಪ್ರಕರಣ 93, ಅರ್ಧ ಎಂದರೆ 47. ಅತ್ತ ಎಚ್‌ಐವಿ ಇರುವ 2,000ದಲ್ಲಿ 1,600 ಮಂದಿಗೆ ಕ್ಷಯ ತಡೆ ಮಾತ್ರೆ ಪೂರ್ತಿ ಕೊಡಿಸಿದಿರಿ, ಅವರ ಒಟ್ಟು ಟಿಬಿ ಮೂರರಲ್ಲೊಂದು ಪಾಲು ತಗ್ಗಿತು ಎಂದುಕೊಳ್ಳಿ. 50ರಲ್ಲಿ 17 ತಪ್ಪಿತು. ಒಂದು ಪ್ರಕರಣಕ್ಕೆ ಕಿಟ್ ದಾರಿಯಲ್ಲಿ 745 ಮಂದಿ, ಮಾತ್ರೆ ದಾರಿಯಲ್ಲಿ 94 ಮಂದಿ. ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ತಾವಾಗಿಯೇ ಬರುವ 1,600 ಮಂದಿಗೆ ಮಾತ್ರೆ ಕೊಡದೆ ಕುಳಿತು ಪಿಎಎಫ್ ಬರೀ 3% ಎನ್ನುವುದು ಸೋಮಾರಿತನ. ಅಷ್ಟು ಮಾಡಿ ಕೈತೊಳೆದುಕೊಂಡರೆ ಜಿಲ್ಲೆಯ ಅಂಕಿ 1,783ರಲ್ಲೇ ನಿಲ್ಲುತ್ತದೆ. ಎಚ್‌ಐವಿ ಕೆಲಸಕ್ಕೆ ಸಣ್ಣ ಮೊತ್ತ ಸಾಕು, ಅದು ಮೊದಲು ಹೋಗಲಿ. ದೊಡ್ಡ ಮೊತ್ತದ ಬಗ್ಗೆ ಯೋಚಿಸುವಾಗ 26%ರ ಕಡೆ ನೋಡಿ. ನಾನಾದರೆ ಹೀಗೆ ಮಾಡುತ್ತೇನೆ.

ಆದರೆ 375 ಎಂಬ ಸಂಖ್ಯೆ ಯಾರನ್ನಾದರೂ ಹೆದರಿಸುವಂಥದ್ದೇ. ಬಿಎಂಐ ಕಡಿಮೆ ಇದೆ ಎಂಬ ಒಂದೇ ಗುರುತು ಹಿಡಿದು ಊರೆಲ್ಲ ಕಿಟ್ ಹಂಚುವುದರಲ್ಲಿ ಟಿಬಿಯ ದೃಷ್ಟಿಯಿಂದ ಲಾಭ ತೆಳು. ಇಲ್ಲಿಯೇ ಅಟ್ರಿಬ್ಯೂಟಬಲ್ ರಿಸ್ಕ್ ಎರಡನೆಯ ಸಲ ಕೆಲಸಕ್ಕೆ ಬರುತ್ತದೆ. ದೊಡ್ಡ ಪಿಎಎಫ್ ಇರುವ ಕಾರಣದೊಳಗೇ ಹೆಚ್ಚುವರಿ ಅಪಾಯ ದಟ್ಟವಾಗಿರುವ ಗುಂಪು ಯಾವುದು ಎಂದು ಹುಡುಕಬೇಕು. ಟಿಬಿಯಲ್ಲಿ ಆ ಗುಂಪು ಕಣ್ಣ ಮುಂದೆಯೇ ಇದೆ: ರೋಗಿಯ ಮನೆಯವರು. ಒಂದೇ ಕೋಣೆಯಲ್ಲಿ ಮಲಗುವವರು, ಒಂದೇ ಬಡತನದ ತಟ್ಟೆಯಲ್ಲಿ ಉಣ್ಣುವವರು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಅವರ ತಂಡ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ 'ರೇಷನ್ಸ್' ಅಧ್ಯಯನ ಇದನ್ನೇ ಹಿಡಿಯಿತು. 2,800 ರೋಗಿಗಳು, ಅವರ ಮನೆಗಳ 10,345 ಸದಸ್ಯರು. ರೋಗಿಗಳಿಗೆ ಎರಡೂ ಕಡೆ ರೇಷನ್ ಸಿಕ್ಕಿತು. ಮನೆಯವರಿಗೆ ಒಂದು ಕಡೆ ಮಾತ್ರ, ತಲಾ ದಿನಕ್ಕೆ 750 ಕ್ಯಾಲರಿ, 23 ಗ್ರಾಂ ಪ್ರೋಟೀನ್ ಲೆಕ್ಕದಲ್ಲಿ. 2023ರಲ್ಲಿ ಬಂದ ಫಲಿತಾಂಶ: ರೇಷನ್ ಪಡೆದ ಮನೆಯವರಲ್ಲಿ ಹೊಸ ಟಿಬಿ 39% ಕಡಿಮೆ, ಕಫ ಪರೀಕ್ಷೆಯಲ್ಲಿ ಖಚಿತವಾದ ಶ್ವಾಸಕೋಶದ ಟಿಬಿ 48% ಕಡಿಮೆ. ಒಂದು ಪ್ರಕರಣ ತಪ್ಪಿಸಲು 30 ಮನೆ, 111 ಮಂದಿ. ಅದೂ ತೂಕ ನೋಡಿ ಆರಿಸಿದ ಮಂದಿಯಲ್ಲ, ಮನೆಯ ಎಲ್ಲರೂ. ನನ್ನ 375 ಕಾಗದದ ಮೇಲಿನ ಆದರ್ಶ, ಒಂದು ವರ್ಷದ ಲೆಕ್ಕ. ಅವರ 111 ನೆಲದ ಮೇಲೆ ನಡೆದದ್ದು, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಗಮನಿಸಿದ್ದು. ಎರಡನ್ನೂ ನೇರ ಹೋಲಿಸುವುದು ಸರಿಯಲ್ಲ, ಆದರೂ ಗುಂಪು ಆರಿಸುವುದರಿಂದ ಎಷ್ಟು ವ್ಯತ್ಯಾಸ ಎಂಬುದು ಕಾಣುತ್ತದೆ.

ಒಂದು ಅಡ್ಡ ಮಾತು. ನಿಕ್ಷಯ್ ಪೋಷಣ್ ದುಡ್ಡನ್ನು, 2018ರಲ್ಲಿ ತಿಂಗಳಿಗೆ 500 ಇದ್ದದ್ದು 2024ರ ನವೆಂಬರಿನಿಂದ 1,000 ಆದದ್ದನ್ನು, ಕೆಲವು ಜಿಲ್ಲೆಗಳು 'ಪೌಷ್ಟಿಕತೆ' ತಲೆಬರಹದಡಿ ಬರೆದು ಪಕ್ಕದಲ್ಲಿ ಈ 26% ಇಡುತ್ತವೆ. ಆ ದುಡ್ಡು ಹೋಗುವುದು ಆಗಲೇ ರೋಗ ಬಂದವರಿಗೆ. ಅವರು ಬದುಕಿ ಗುಣವಾಗಲು ಅದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಸ ಪ್ರಕರಣಗಳ ಪಿಎಎಫ್ ಅನ್ನು ಅದರ ಸಮರ್ಥನೆಗೆ ತರಬಾರದು.

ಇನ್ನು ನೂರು ದಾಟುವುದು. ಅದು ತಪ್ಪಲ್ಲ, ದಾಟಿದರೆ ಆಶ್ಚರ್ಯವೂ ಇಲ್ಲ. ಕುಡಿಯುವ, ಬೀಡಿ ಸೇದುವ, 42 ಕೆಜಿ ತೂಗುವ ಒಬ್ಬ ಗಾರೆ ಕೆಲಸದವರನ್ನು ನೆನೆಸಿಕೊಳ್ಳಿ. ಮೂರೂ ಒಟ್ಟಿಗೆ ಸೇರಿದ್ದರಿಂದ ಅವರಿಗೆ ಟಿಬಿ ಬಂತು, ಯಾವ ಒಂದನ್ನು ತೆಗೆದಿದ್ದರೂ ಬರುತ್ತಿರಲಿಲ್ಲ ಎನ್ನಿ. ಅವರ ಪ್ರಕರಣ ಮೂರೂ ಕಾರಣದ ಪಿಎಎಫ್‌ನಲ್ಲಿ ಎಣಿಕೆಯಾಗುತ್ತದೆ, ಮೂರೂ ಸರಿಯೇ. ಅಷ್ಟೇಕೆ, ಕ್ಷಯದ ಬ್ಯಾಕ್ಟೀರಿಯಾ ಇಲ್ಲದೆ ಕ್ಷಯವೇ ಇಲ್ಲ, ಅದರ ಪಿಎಎಫ್ ಒಂದೇ 100%. ಹಾಗಾಗಿ ಪಿಎಎಫ್ ಕಾಲಂ ಅನ್ನು ಕೆಳಗೆ ಕೂಡಿ ಬರೆಯಬೇಡಿ, ವೃತ್ತವನ್ನು ಸೀಳಿದ ಚಿತ್ರವನ್ನಂತೂ ಹಾಕಲೇಬೇಡಿ. ಎರಡು ಕಾರಣ ಒಟ್ಟಿಗೆ ಕೈಗೆತ್ತಿಕೊಂಡರೆ ಎಷ್ಟು ಎಂದು ಕೇಳಿದರೆ ಉಳಿಯುವ ಪಾಲುಗಳನ್ನು ಗುಣಿಸಿ: ಒಂದು 26%, ಇನ್ನೊಂದು 10% ಆದರೆ 0.74 ಗುಣಿಸು 0.90, ಉಳಿದದ್ದು 0.67, ಹೋದದ್ದು 33%. ಈ ಗುಣಾಕಾರ ನಿಲ್ಲುವುದು ಎರಡು ಕಾರಣಗಳು ಒಬ್ಬರಲ್ಲೇ ಗುಂಪುಗೂಡದಿದ್ದಾಗ ಮತ್ತು ಅವುಗಳ ಪಟ್ಟುಗಳು ಪರಸ್ಪರ ಗುಣಿಸಿಕೊಂಡು ಹೋಗುವಾಗ. ಕುಡಿತ ಮತ್ತು ಕಡಿಮೆ ತೂಕ ಜೊತೆಯಾಗಿಯೇ ಓಡಾಡುತ್ತವೆ, ಹಾಗಾಗಿ ಬಂದದ್ದನ್ನು ಅಂದಾಜು ಎಂದೇ ಬರೆಯಿರಿ.

ನಿಮ್ಮ ಕನ್ಸಲ್ಟೆಂಟ್‌ಗೆ ನೀವು ಕೇಳಬೇಕಾದ ನಿಜವಾದ ಪ್ರಶ್ನೆ ಬೇರೆ ಇದೆ: ಆ `p` ಎಲ್ಲಿಂದ ಬಂತು, ಆ `RR` ಎಲ್ಲಿಂದ ಬಂತು? ಪಿಎಎಫ್ ಒಂದು ಊರಿನಿಂದ ಇನ್ನೊಂದು ಊರಿಗೆ ಹೊತ್ತೊಯ್ಯುವ ಸಾಮಾನಲ್ಲ. ಒಂದು ಕಾಲಕ್ಕೆ ಬಾಗಲಕೋಟೆ, ಬೆಳಗಾವಿ ಕಡೆ ಎಚ್‌ಐವಿ ರಾಜ್ಯದ ಸರಾಸರಿಗಿಂತ ಬಹಳ ಹೆಚ್ಚಿತ್ತು. 0.2% ಬದಲು 1% ಹಾಕಿ ನೋಡಿ, ಅದೇ 18 ಪಟ್ಟಿಗೆ ಪಿಎಎಫ್ 3.3%ರಿಂದ 14.5%ಕ್ಕೆ ಜಿಗಿಯುತ್ತದೆ. ಆ 18 ಕೂಡ ಕಲ್ಲಿನ ಮೇಲಿನ ಅಕ್ಷರವಲ್ಲ. ವರ್ಷಗಟ್ಟಲೆ ಎಆರ್‌ಟಿ ತಪ್ಪದೆ ತಿಂದವರಲ್ಲಿ ಅಪಾಯ ಬಹಳ ಇಳಿದಿರುತ್ತದೆ, ಈಗಷ್ಟೇ ಪತ್ತೆಯಾದವರಲ್ಲಿ ಏರಿರುತ್ತದೆ.

ಕಡಿಮೆ ತೂಕದಲ್ಲಿ ಮೋಸ ಹೋಗುವುದು ಇನ್ನೂ ಸುಲಭ, ಏಕೆಂದರೆ ಟಿಬಿಯೇ ತೂಕ ಇಳಿಸುತ್ತದೆ. ಚಿಕಿತ್ಸೆ ಶುರುವಾದ ದಿನ ರಿಜಿಸ್ಟರಿನಲ್ಲಿ ಬರೆದ ತೂಕ ಹಿಡಿದು ಲೆಕ್ಕ ಹಾಕಿದರೆ ಏನಾಗುತ್ತದೆ ನೋಡಿ. ರಿಜಿಸ್ಟರಿನಲ್ಲಿ 60% ರೋಗಿಗಳ ಬಿಎಂಐ 18.5ಕ್ಕಿಂತ ಕೆಳಗಿದೆ, ಊರಿನ ಜನರಲ್ಲಿ 17.5% ಎಂದುಕೊಳ್ಳಿ. ಈ ಎರಡರಿಂದ ಪಟ್ಟು ತೆಗೆದರೆ ಏಳು ಬರುತ್ತದೆ, ಪಿಎಎಫ್ 51%. ರೋಗ ಮಾಡಿದ ಕೆಲಸವನ್ನು ರೋಗದ ಕಾರಣದ ಖಾತೆಗೆ ಬರೆದಂತಾಯಿತು. ಸರಿಯಾದ ಪಟ್ಟು ಬರಬೇಕಾದದ್ದು ಆರೋಗ್ಯವಾಗಿದ್ದಾಗಲೇ ತೂಕ ಅಳೆದು, ಮುಂದೆ ಯಾರಿಗೆ ಟಿಬಿ ಬಂತೆಂದು ಕಾದು ನೋಡಿದ ಅಧ್ಯಯನಗಳಿಂದ. ಅಂಥವನ್ನು ಕೂಡಿಸಿ ನೋಡಿದಾಗ ಬಿಎಂಐ ಒಂದು ಅಂಶ ಏರಿದರೆ ಟಿಬಿ ಸುಮಾರು 14% ಇಳಿಯುತ್ತದೆ ಎಂಬ ಚಿತ್ರ ಸಿಕ್ಕಿದೆ.

ಇದನ್ನು ಪರೀಕ್ಷಿಸಲು ನಾನು ಎರಡು ದಾರಿ ಬಳಸುತ್ತೇನೆ. ಒಂದು ಲೆಕ್ಕದ್ದು. ಪಿಎಎಫ್‌ಗೆ ರೋಗಿಗಳ ಕಡೆಯಿಂದ ಹೋಗುವ ಇನ್ನೊಂದು ಸೂತ್ರವಿದೆ. ಕುಡಿತ, ಬಡತನದಂಥವನ್ನು ಸರಿಹೊಂದಿಸಿ ತೆಗೆದ ಪಟ್ಟು ಕೈಯಲ್ಲಿದ್ದರೆ ಬಳಸಬೇಕಾದದ್ದೂ ಇದೇ. ಅಂಥ ಪಟ್ಟನ್ನು ಲೆವಿನ್ ಸೂತ್ರಕ್ಕೆ ಹಾಕುವುದು ಬಹಳ ಕಡೆ ಆಗುವ ತಪ್ಪು. ಇಲ್ಲಿ `pc` ಅಂದರೆ ರೋಗಿಗಳಲ್ಲಿ ಕಾರಣ ಇದ್ದವರ ಪಾಲು:

```
PAF = pc(RR - 1) / RR
```

ನಮ್ಮ ಜಿಲ್ಲೆಯಲ್ಲಿ 1,800ಕ್ಕೆ 700, ಅಂದರೆ 0.39, ಗುಣಿಸು ಮೂರರಲ್ಲೆರಡು ಎಂದರೆ ಮತ್ತೆ 26%. ಎರಡು ಸೂತ್ರ ಒಂದೇ ಉತ್ತರ ಕೊಟ್ಟರೆ ಸರಿ. ಪಟ್ಟು ಮೂರೇ ಇಟ್ಟು, ರಿಜಿಸ್ಟರಿನ 60% ಹಾಕಿದರೆ 40% ಬರುತ್ತದೆ. 26ಕ್ಕೂ 40ಕ್ಕೂ ನಡುವಿನ ಆ ಅಂತರವೇ ಎಲ್ಲೋ ಎಡವಿದ್ದೀರಿ ಎಂದು ಹೇಳುತ್ತದೆ. ಒಂದೋ ತೂಕ ರೋಗ ಬಂದ ಮೇಲಿನದು, ಅಥವಾ ಬೇರೆ ಕಾರಣಗಳು ನಡುವೆ ನುಸುಳಿವೆ.

ಎರಡನೆಯದು ಬಾಯಿಮಾತಿನದು. ರೋಗಿಯನ್ನು 'ನಿಮ್ಮ ತೂಕ ಮೊದಲೆಷ್ಟಿತ್ತು?' ಎಂದರೆ ಯಾರಿಗೂ ಗೊತ್ತಿರುವುದಿಲ್ಲ. 'ಬೆಲ್ಟಿಗೆ ಹೊಸ ತೂತು ಹಾಕಿಸಿದಿರಾ, ಯಾವಾಗ? ಬಳೆ ಎಂದಿನಿಂದ ಜಾರುತ್ತಿದೆ?' ಎಂದು ಕೇಳಿದರೆ ತಟ್ಟನೆ ಉತ್ತರ ಬರುತ್ತದೆ: ದೀಪಾವಳಿಯಿಂದ, ಮಗಳ ಮದುವೆಯಿಂದ ಎಂದು. ಕೆಮ್ಮು ಶುರುವಾದ ಮೇಲೆ ಸಡಿಲವಾದ ಬೆಲ್ಟನ್ನು ಕಾರಣದ ಕಡೆ ಹಾಕಬೇಡಿ. ಜೊತೆಗೆ ಮನೆಯವರ ತೂಕವನ್ನೂ ನೋಡಿ. ರೋಗ ಬರದ ಅಣ್ಣ, ಅತ್ತಿಗೆ, ತಾಯಿಯೂ ಬಿಎಂಐ 18ರ ಆಸುಪಾಸಿನಲ್ಲೇ ಇದ್ದರೆ ಆ ಮನೆಯಲ್ಲಿ ಹಸಿವು ಕ್ಷಯಕ್ಕಿಂತ ಹಳೆಯದು.

ಆದ್ದರಿಂದ ಕ್ರಿಯಾಯೋಜನೆಯ ಟೇಬಲ್‌ಗೆ ಮೂರು ಕಾಲಂ ಸೇರಿಸಿ: ಕಾರಣ ಇರುವವರ ಸಂಖ್ಯೆ, ಸಾವಿರಕ್ಕೆ ಹೆಚ್ಚುವರಿ ಪ್ರಕರಣ, ಈ ವರ್ಷದ ಬಜೆಟ್ಟಿನಲ್ಲಿ ನಿಜವಾಗಿ ಮುಟ್ಟಬಹುದಾದ ಸಂಖ್ಯೆ. ಎರಡನೆಯದನ್ನೂ ಮೂರನೆಯದನ್ನೂ ಗುಣಿಸಿ, ಸಾವಿರದಿಂದ ಭಾಗಿಸಿ, ಕಾರ್ಯಕ್ರಮ ಎಷ್ಟು ಪಾಲು ಕೆಡುಕು ತೆಗೆಯಬಲ್ಲದು ಎಂಬುದರಿಂದ ಇನ್ನೊಮ್ಮೆ ಗುಣಿಸಿದರೆ ತಪ್ಪುವ ಪ್ರಕರಣಗಳು ಬರುತ್ತವೆ. ಪಿಎಎಫ್ ಅದರ ಪಕ್ಕದಲ್ಲಿರಲಿ, ಮಿತಿಯಾಗಿ. ಮತ್ತು ಆಶಾ ಕಾರ್ಯಕರ್ತೆಯರು ಕಾಂಟ್ಯಾಕ್ಟ್ ಟ್ರೇಸಿಂಗ್‌ಗೆ ರೋಗಿಯ ಮನೆಗೆ ಹೇಗೂ ಹೋಗುತ್ತಾರಲ್ಲ, ಈ ತಿಂಗಳಿಂದಲೇ ಕೈಗೊಂದು ತೂಕದ ಯಂತ್ರ, ಎತ್ತರಕ್ಕೊಂದು ಟೇಪು ಕೊಟ್ಟು ಮನೆಯವರ ಬಿಎಂಐ ಬರೆಸಿ. ಮುಂದಿನ ಸಲ `p`ಗಾಗಿ ರಾಷ್ಟ್ರೀಯ ಸಮೀಕ್ಷೆಯ ಸರಾಸರಿಯನ್ನು ಎರವಲು ತರಬೇಕಾಗುವುದಿಲ್ಲ.